ನಿಮಗಿದು ಗೊತ್ತೆ? ಬಿಪಿ ಮಾತ್ರೆಯಿಂದಲೂ ಕಾಲು ಊದಬಹುದು

ಬಿಪಿಗೆ ವೈದ್ಯರು ಪದೇಪದೇ ಬರೆದುಕೊಡುವ ಮಾತ್ರೆಗಳಲ್ಲಿ ಅಮ್ಲೋಡಿಪಿನ್ ಒಂದು. 5 ಮಿಲಿಗ್ರಾಂ ಇದ್ದದ್ದು 10 ಆದ ಮೇಲೆ ಕೆಲವರಿಗೆ ಎರಡೂ ಕಾಲಿನ ಹರಡು ಊದುತ್ತದೆ. ಸಂಜೆ ಹೊತ್ತಿಗೆ ಚಪ್ಪಲಿ ಬಿಗಿಯುತ್ತದೆ, ಬೆರಳಿಂದ ಒತ್ತಿದರೆ ಗುಳಿ ಬೀಳುತ್ತದೆ. ಕಿಡ್ನಿಗೇ ಏನೋ ಆಯಿತೆಂದು ಮನೆಯವರಿಗೆಲ್ಲ ಗಾಬರಿ!

ಆದರೆ ಈ ಊತದ ಕಾರಣ ಬೇರೆ. ಮಾತ್ರೆ ಸಣ್ಣ ಅಪಧಮನಿಗಳನ್ನು ಸಡಿಲಿಸುತ್ತದೆ, ಅಭಿಧಮನಿಗಳನ್ನು ಅಷ್ಟಾಗಿ ಸಡಿಲಿಸುವುದಿಲ್ಲ. ರಕ್ತ ಒಳಬರುವ ದಾರಿ ಅಗಲವಾಗಿ, ಹೊರಹೋಗುವ ದಾರಿ ಮೊದಲಿನಷ್ಟೇ ಉಳಿದಾಗ ನಡುವಿನ ಲೋಮನಾಳಗಳಲ್ಲಿ ಒತ್ತಡ ಏರಿ ನೀರಿನಂಶ ಹೊರಗೆ ಜಿನುಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಊತ ಇದಲ್ಲ. ಹಾಗಾಗಿ ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಅಷ್ಟೇನೂ ಇಳಿಯದು.

ವೈದ್ಯರು ಸಾಮಾನ್ಯವಾಗಿ ಡೋಸನ್ನು ಮತ್ತೆ 5ಕ್ಕೆ ಇಳಿಸಿ, ಜೊತೆಗೆ ಟೆಲ್ಮಿಸಾರ್ಟನ್‌ನಂಥ ಮಾತ್ರೆ ಸೇರಿಸುತ್ತಾರೆ. ಅದು ಅಭಿಧಮನಿಗಳನ್ನೂ ಸಡಿಲಿಸುವುದರಿಂದ ಊತ ತಗ್ಗುತ್ತದೆ, ಬಿಪಿಯೂ ಹತೋಟಿಯಲ್ಲಿರುತ್ತದೆ. ಅಮ್ಲೋಡಿಪಿನ್ ಬದಲು ಅದರದೇ ಗುಂಪಿನ ಸಿಲ್ನಿಡಿಪಿನ್ ಕೊಡುವುದೂ ಉಂಟು. ಅದರಲ್ಲಿ ಊತ ಕಡಿಮೆ.

ಅಮ್ಲೋಡಿಪಿನ್‌ನಿಂದ ಕೆಲವರಿಗೆ ಮುಖ ಕೆಂಪಾಗಿ ಬಿಸಿಯೇರುವುದೂ ಉಂಟು. ಅದಕ್ಕೂ ರಕ್ತನಾಳ ಹಿಗ್ಗುವುದೇ ಕಾರಣ. ಮಾತ್ರೆ ಶುರುಮಾಡಿದ ಹೊಸತರಲ್ಲಿ ಕಾಣಿಸಿಕೊಂಡು, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ತಗ್ಗುತ್ತದೆ.

ಊತ ಕಂಡಿತೆಂದು ಮಾತ್ರೆಯನ್ನು ನೀವೇ ನಿಲ್ಲಿಸಿದರೆ ಬಿಪಿ ಮತ್ತೆ ಏರುತ್ತದೆ. ಒಂದೇ ಕಾಲು ಊದಿ ನೋಯುತ್ತಿದ್ದರೆ, ಇಲ್ಲವೇ ಏದುಸಿರು ಬರುತ್ತಿದ್ದರೆ ಮಾತ್ರೆಯ ಮೇಲೆ ಹಾಕಿ ಸುಮ್ಮನಿರಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ಹೃದಯದ ತೊಂದರೆಯೂ ಇರಬಹುದು. ಅಂದೇ ಆಸ್ಪತ್ರೆಗೆ ಹೋಗಿ.