ಖಾನಾವಳಿಯ ಅಡಿಗೆಮನೆ: ಯಂತ್ರಗಳ ಮುಂಜಾಗ್ರತಾ ನಿರ್ವಹಣೆಯ ವಹಿ

ಬೆಳಗಾವಿಯ ಆಟೋ ನಗರದಲ್ಲಿ ಗ್ಯಾರೇಜು ಹಾಗೂ ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆ ಮಧ್ಯಾಹ್ನದ ಊಟ ಒದಗಿಸುವ ಖಾನಾವಳಿಯೂ ಒಂದು ಉತ್ಪಾದನಾ ಘಟಕವೇ ಆಗಿದೆ. ಲೇಥ್ ಯಂತ್ರಕ್ಕೆ ತಪ್ಪದೆ ಎಣ್ಣೆ ಹಾಕಿಸುವ ಉದ್ಯಮಿಯೂ ತನ್ನ ಕ್ಯಾಂಟೀನಿನ ಫ್ರಿಜ್ಜನ್ನು ಅದು ಕೆಟ್ಟು ನಿಂತ ದಿನವಷ್ಟೇ ನೋಡುವುದು ರೂಢಿ. ಆ ದಿನ ತೆರಬೇಕಾದದ್ದು ದುರಸ್ತಿಯ ಬಿಲ್ಲನ್ನು ಮಾತ್ರವಲ್ಲ. ಕೆಟ್ಟ ಹಾಲು, ಮೊಸರು, ತರಕಾರಿಗಳ ಬೆಲೆ ಹಾಗೂ ತಪ್ಪಿದ ಒಂದು ಹೊತ್ತಿನ ವ್ಯಾಪಾರವೂ ಅದಕ್ಕೆ ಸೇರುತ್ತವೆ.

ಫ್ರಿಜ್, ಗ್ಯಾಸ್ ಭಟ್ಟಿ, ಹೊಗೆ ಎಳೆಯುವ ಹುಡ್ ಮತ್ತು ಗ್ರೀಸ್ ಟ್ರ್ಯಾಪ್ ಎಂದು ಕರೆಯಲಾಗುವ ಜಿಡ್ಡುತೊಟ್ಟಿ, ಇವು ನಾಲ್ಕು ಬಿಡಿ ಯಂತ್ರಗಳಲ್ಲ. ಭಟ್ಟಿಯಿಂದ ಎದ್ದ ಎಣ್ಣೆಯ ಆವಿ ಹುಡ್‌ಗೆ ಏರುತ್ತದೆ. ಪಾತ್ರೆ ತೊಳೆದ ಎಣ್ಣೆ ತೊಟ್ಟಿಗೆ ಇಳಿಯುತ್ತದೆ. ಹುಡ್ ಎಳೆಯದೆ ಬಿಟ್ಟ ಬಿಸಿಯನ್ನು ಫ್ರಿಜ್ ಹೊರಬೇಕಾಗುತ್ತದೆ. ಆದುದರಿಂದ ನಾಲ್ಕಕ್ಕೂ ಒಂದೇ ವಹಿ ಇರತಕ್ಕದ್ದು. ಆ ವಹಿಯಲ್ಲಿ ‘ಸ್ವಚ್ಛ ಮಾಡಲಾಯಿತು’ ಎಂಬ ಬರಹಕ್ಕಿಂತ ಅಳತೆಯ ಅಂಕಿಗೆ ಹೆಚ್ಚಿನ ಬೆಲೆಯಿದೆ.

ದಿನವೊಂದಕ್ಕೆ 300 ಊಟ ಸಿದ್ಧಪಡಿಸುವ ಖಾನಾವಳಿಯೊಂದನ್ನು ಉದಾಹರಣೆಗಾಗಿ ಇಟ್ಟುಕೊಳ್ಳೋಣ.

ಜಿಡ್ಡುತೊಟ್ಟಿ

ಜಿಡ್ಡು ನೀರಿನ ಮೇಲೆ ತೇಲುತ್ತದೆ, ಅನ್ನದಗುಳು ಮತ್ತು ಕೆಸರು ತಳಕ್ಕೆ ಕೂರುತ್ತವೆ, ನಡುವಿನ ನೀರು ಮಾತ್ರ ಚರಂಡಿಗೆ ಹೋಗುತ್ತದೆ. ತೊಟ್ಟಿಯ ಕೆಲಸ ಇಷ್ಟೇ. ಮೇಲಿನ ಜಿಡ್ಡು ಹಾಗೂ ತಳದ ಕೆಸರು ಎರಡೂ ಸೇರಿ ನೀರಿನ ಒಟ್ಟು ಆಳದ ನಾಲ್ಕನೆಯ ಒಂದು ಭಾಗವನ್ನು ಮುಟ್ಟಿದರೆ ತೊಟ್ಟಿ ಖಾಲಿ ಮಾಡಬೇಕೆಂಬುದು ಹಲವು ದೇಶಗಳ ನಗರಾಡಳಿತಗಳು ಅನುಸರಿಸುವ ನಿಯಮ. ಅದನ್ನು ಮೀರಿದರೆ ನೀರಿಗೆ ನಿಲ್ಲುವಷ್ಟು ಅವಕಾಶ ಸಿಗದೆ ಜಿಡ್ಡು ಕೊಳವೆಗೆ ಸಾಗುತ್ತದೆ.

ಉದಾಹರಣೆಯ ತೊಟ್ಟಿಯಲ್ಲಿ ನೀರಿನ ಆಳ 60 ಸೆಂಟಿಮೀಟರ್ ಎಂದಾದರೆ ಮಿತಿ 15 ಸೆಂಟಿಮೀಟರ್ ಆಗುತ್ತದೆ. ಖಾಲಿ ಮಾಡಿದ ಏಳನೆಯ ದಿನ ಕೋಲಿಳಿಸಿ ಅಳೆದಾಗ ಜಿಡ್ಡು 3, ಕೆಸರು 2, ಒಟ್ಟು 5 ಸೆಂಟಿಮೀಟರ್ ಬಂತೆನ್ನೋಣ. ಹದಿನಾಲ್ಕನೆಯ ದಿನ ಒಟ್ಟು 10 ಬಂದರೆ 21ನೆಯ ದಿನ ಮಿತಿ ಮುಟ್ಟುವುದು ನಿಶ್ಚಿತ. ಹಾಗಿದ್ದಲ್ಲಿ 18 ದಿನಗಳಿಗೊಮ್ಮೆ ಖಾಲಿ ಮಾಡುವುದು ಆ ಖಾನಾವಳಿಗೆ ತಕ್ಕ ಅವಧಿ. ‘ತಿಂಗಳಿಗೊಮ್ಮೆ’ ಎಂದು ಅಂದಾಜಿನಿಂದ ಗೊತ್ತುಮಾಡಿದ್ದರೆ ಕೊನೆಯ ಒಂಬತ್ತು ದಿನ ಜಿಡ್ಡು ಚರಂಡಿಗೆ ಹರಿಯುತ್ತಿತ್ತು.

ಕುದಿಯುವ ನೀರು ಅಥವಾ ಕಾಸ್ಟಿಕ್ ಸೋಡಾ ಸುರಿದು ತೊಟ್ಟಿ ತೆರವುಗೊಳಿಸುವ ಪದ್ಧತಿ ಸರಿಯಲ್ಲ. ಕರಗಿದ ಜಿಡ್ಡು ಮುಂದೆ ಸಾಗಿ, ತಣ್ಣಗಿನ ಕೊಳವೆಯಲ್ಲಿ ಮತ್ತೆ ಹೆಪ್ಪುಗಟ್ಟುತ್ತದೆ. ತಾಳೆ ಎಣ್ಣೆ, ವನಸ್ಪತಿ ಬಳಸುವ ಅಡಿಗೆಮನೆಗಳಲ್ಲಿ ಚಳಿಗಾಲದ ಬೆಳಿಗ್ಗೆ ಈ ತೊಂದರೆ ಹೆಚ್ಚು. ಪಾತ್ರೆಗಳನ್ನು ತೊಳೆಯುವ ಮೊದಲು ಕಾಗದದಿಂದ ಒರೆಸಿದರೆ ತೊಟ್ಟಿಗೆ ಇಳಿಯುವ ಜಿಡ್ಡೇ ಕಡಿಮೆಯಾಗುತ್ತದೆ.

ಗ್ಯಾಸ್ ಭಟ್ಟಿ ಮತ್ತು ಹುಡ್

ಸರಿಯಾದ ಜ್ವಾಲೆ ನೀಲಿಯಾಗಿರುತ್ತದೆ. ಹಳದಿ ತುದಿ ಮತ್ತು ಪಾತ್ರೆಯ ತಳದ ಮಸಿ ಗಾಳಿ ಸಾಲದೆಂಬುದರ ಗುರುತು. ಒಂದೇ ಬರ್ನರ್ ಹಳದಿಯಾಗಿ ಉರಿದರೆ ಅದರ ರಂಧ್ರ ಕಟ್ಟಿದೆ ಅಥವಾ ಗಾಳಿಯ ಬಾಗಿಲು ಸರಿದಿದೆ ಎಂದು ತಿಳಿಯಬೇಕು. ಬರ್ನರ್‌ಗಳೆಲ್ಲವೂ ಒಮ್ಮೆಗೇ ಹಳದಿಯಾದರೆ ದೋಷವನ್ನು ಮೊದಲು ಕೋಣೆಯಲ್ಲಿ ಹುಡುಕಬೇಕು. ಮಳೆಗಾಲದಲ್ಲಿ ಎರಚಲಿಗೆ ಹೆದರಿ ಕಿಟಕಿಗಳನ್ನು ಮುಚ್ಚಿದಾಗ ಹುಡ್ ಹೊರದೂಡುವಷ್ಟು ಗಾಳಿ ಒಳಗೆ ಬರುವುದಿಲ್ಲ. ಆಗ ಭಟ್ಟಿಗೂ ಹುಡ್‌ಗೂ ಗಾಳಿಯ ಕೊರತೆಯಾಗಿ, ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡ್ ಉಂಟಾಗುವ ಅಪಾಯವಿದೆ. ಖಾನಾಪುರದಂಥ ಅಧಿಕ ಮಳೆಯ ಪ್ರದೇಶದಲ್ಲಿ ಎರಚಲು ತಡೆಯುವ ಜಾಲಂಧ್ರವನ್ನು ಗೋಡೆಗೆ ಅಳವಡಿಸುವುದು ಇದಕ್ಕೆ ಪರಿಹಾರ.

ಬರ್ನರ್‌ಗಳನ್ನು ವಾರಕ್ಕೊಮ್ಮೆ ಬಿಚ್ಚಿ ತೊಳೆದು, ಪೂರ್ತಿ ಒಣಗಿಸಿ ಜೋಡಿಸಬೇಕು. ನಳಿಕೆ ಹಾಗೂ ಕೀಲುಗಳಿಗೆ ಸಾಬೂನು ನೀರು ಸವರಿ ಸೋರಿಕೆ ನೋಡಬೇಕು. ಕಡ್ಡಿ ಗೀರಿ ನೋಡುವುದು ಸರ್ವಥಾ ಕೂಡದು.

ಭಟ್ಟಿಯ ಆರೋಗ್ಯವನ್ನು ದಾಸ್ತಾನು ಪುಸ್ತಕವೂ ಹೇಳುತ್ತದೆ. 19 ಕಿಲೋಗ್ರಾಂನ ಎಂಟು ಸಿಲಿಂಡರುಗಳು 12 ದಿನ ಬರುತ್ತಿದ್ದಲ್ಲಿ ದಿನದ ಖರ್ಚು ಸುಮಾರು 12.7 ಕಿಲೋಗ್ರಾಂ. ಊಟಗಳ ಸಂಖ್ಯೆ, ಅಡಿಗೆಯ ಬಗೆ ಬದಲಾಗದೆ ಅದೇ ಎಂಟು ಸಿಲಿಂಡರುಗಳು 10 ದಿನಕ್ಕೇ ಮುಗಿದರೆ ದಿನಕ್ಕೆ 15.2 ಕಿಲೋಗ್ರಾಂ ಖರ್ಚಾದಂತೆ, ಅಂದರೆ ಶೇಕಡಾ 20ರಷ್ಟು ಹೆಚ್ಚು. ಈ ಅಂಕಿ ಕಂಡ ಕೂಡಲೇ ಬರ್ನರ್ ಮತ್ತು ಸೋರಿಕೆ ಎರಡನ್ನೂ ಪರೀಕ್ಷಿಸಬೇಕು.

ಹುಡ್‌ನ ಜಿಡ್ಡಿನ ತಟ್ಟೆಯನ್ನು ಪ್ರತಿದಿನ ಖಾಲಿ ಮಾಡಿ, ಫಿಲ್ಟರುಗಳನ್ನು ವಾರಕ್ಕೊಮ್ಮೆ ಬಿಸಿನೀರು ಮತ್ತು ಸಾಬೂನಿನಿಂದ ತೊಳೆಯಬೇಕು. ಭಟ್ಟಿ ಆರಿಸಿ ಫ್ಯಾನ್ ನಡೆಸಿದಾಗ ತೆಳುವಾದ ಕಾಗದ ಫಿಲ್ಟರಿಗೆ ಅಂಟಿ ನಿಂತರೆ ಎಳೆತ ಇದೆ ಎಂದರ್ಥ. ತೊಳೆದ ಮೇಲೂ ಕಾಗದ ಜಾರಿದರೆ ಬೆಲ್ಟು, ಫ್ಯಾನಿನ ರೆಕ್ಕೆ ಇಲ್ಲವೆ ಒಳಕೊಳವೆ ನೋಡಬೇಕು. ಕಣ್ಣಿಗೆ ಕಾಣದ ಒಳಕೊಳವೆಯಲ್ಲಿಯೇ ಬೆಂಕಿಯ ಭಯ ಹೆಚ್ಚು. ಬಾಣಲೆಯಿಂದೆದ್ದ ಜ್ವಾಲೆ ಅಲ್ಲಿನ ಜಿಡ್ಡನ್ನು ಹಿಡಿದರೆ ಚಾವಣಿಯವರೆಗೂ ಸಾಗುತ್ತದೆ. ಕರಿಯುವ ಕೆಲಸ ಹೆಚ್ಚಿರುವ ಅಡಿಗೆಮನೆಯ ಒಳಕೊಳವೆಯನ್ನು ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಅಮೆರಿಕದ ಎನ್.ಎಫ್.ಪಿ.ಎ. 96 ಎಂಬ ಮಾನದಂಡ ಹೇಳುತ್ತದೆ. ಅದನ್ನೇ ಇಲ್ಲಿಯೂ ಅನುಸರಿಸಬಹುದು.

ಫ್ರಿಜ್

ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ತಣ್ಣಗಿಡಬೇಕಾದ ಆಹಾರ 5 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣತೆಯಲ್ಲಿರಬೇಕು. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಮ್ಮೆ ಮತ್ತು ಮಧ್ಯಾಹ್ನದ ಗಡಿಬಿಡಿ ಮುಗಿದ ಮೇಲೊಮ್ಮೆ ಥರ್ಮಾಮೀಟರ್ ನೋಡಿ ಬರೆದಿಡಬೇಕು. ಬೆಳಗಿನ ಅಂಕಿ 4 ಇದ್ದದ್ದು ಎರಡು ವಾರಗಳಲ್ಲಿ 5, 6, 7 ಎಂದು ಏರುತ್ತಿದ್ದರೆ ಅದು ಕಂಪ್ರೆಸರ್ ನಿಲ್ಲುವುದಕ್ಕೆ ಮೊದಲು ಬರುವ ಸೂಚನೆ.

ಆಟೋ ನಗರದಂಥ ಸ್ಥಳದಲ್ಲಿ ಮೊದಲು ಶಂಕಿಸಬೇಕಾದದ್ದು ಹಿಂಬದಿಯ ಅಥವಾ ತಳದ ಕಾಯಿಲನ್ನು. ಬಣ್ಣ ಉಜ್ಜಿದ ಪುಡಿ, ಗ್ರೈಂಡಿಂಗ್ ಧೂಳು ಮತ್ತು ಅಡಿಗೆಯ ಜಿಡ್ಡು ಬೆರೆತು ಅದರ ಮೇಲೆ ಕಂಬಳಿಯಂತೆ ಕೂರುತ್ತವೆ. ತಿಂಗಳಿಗೊಮ್ಮೆ ವಿದ್ಯುತ್ ಸಂಪರ್ಕ ತೆಗೆದು ಮೆತ್ತನೆಯ ಬ್ರಷ್‌ನಿಂದ ಸ್ವಚ್ಛಗೊಳಿಸಬೇಕು. ಬಾಗಿಲಿನ ರಬ್ಬರಿನ ನಡುವೆ ಕಾಗದದ ಚೂರಿಟ್ಟು ಮುಚ್ಚಿ ಎಳೆದಾಗ ಅದು ಸಲೀಸಾಗಿ ಜಾರಿ ಬಂದರೆ ರಬ್ಬರ್ ಬದಲಿಸಬೇಕು.

ಇವೆರಡೂ ಸರಿಯಿದ್ದು ಉಷ್ಣತೆ ಇಳಿಯದಿದ್ದರೆ ಮಾತ್ರ ಮೆಕ್ಯಾನಿಕ್‌ನನ್ನು ಕರೆಯತಕ್ಕದ್ದು. ಆತ ‘ಗ್ಯಾಸ್ ಕಡಿಮೆಯಾಗಿದೆ, ತುಂಬಿಸೋಣ’ ಎಂದರೆ ಸೋರಿಕೆ ಎಲ್ಲಿದೆ ಎಂದು ಕೇಳಬೇಕು. ಮುಚ್ಚಿದ ಕೊಳವೆಯಲ್ಲಿ ಸುತ್ತುವ ಆ ಅನಿಲ ಬಳಕೆಯಿಂದ ಸವೆಯುವುದಿಲ್ಲ. ಸೋರಿಕೆ ಮುಚ್ಚದೆ ತುಂಬಿಸಿದ ಹಣ ಕೆಲವು ವಾರಗಳಲ್ಲಿ ಗಾಳಿಗೆ ಹೋಗುತ್ತದೆ.

ಲೆಕ್ಕ ಹಾಗೂ ಕಾನೂನು

ವಹಿಯಲ್ಲಿ ದಿನಾಂಕ, ಯಂತ್ರ, ಅಳತೆ, ಕೈಗೊಂಡ ಕ್ರಮ, ಖರ್ಚು, ಸಹಿ ಎಂಬ ಆರು ಕಾಲಂಗಳಿದ್ದರೆ ಸಾಕು. ಆಹಾರ ಉದ್ದಿಮೆಗಳ ಪರವಾನಗಿ ಕುರಿತ 2011ರ ನಿಯಮಾವಳಿಯ ನಾಲ್ಕನೆಯ ಅನುಸೂಚಿಯನ್ವಯ ನಡೆಯುವ ತಪಾಸಣೆಯಲ್ಲಿ ಅಧಿಕಾರಿಗಳು ಯಂತ್ರಗಳ ಮುಂಜಾಗ್ರತಾ ನಿರ್ವಹಣೆಯ ದಾಖಲೆ ನೋಡುತ್ತಾರೆ. ಈ ವಹಿಯೇ ಆ ದಾಖಲೆಯಾಗುತ್ತದೆ.

ತೆರಿಗೆಯ ಅಂಶವೂ ಇದೆ. ಶೇಕಡಾ 5ರ ದರದಲ್ಲಿ ಜಿ.ಎಸ್.ಟಿ. ಕಟ್ಟುವ ಖಾನಾವಳಿಗೆ 2017ರ ನವೆಂಬರ್ 15ರಿಂದ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಹೀಗಾಗಿ 10,000 ರೂಪಾಯಿಯ ದುರಸ್ತಿಗೆ ಶೇಕಡಾ 18ರಂತೆ ತೆತ್ತ 1,800 ರೂಪಾಯಿ ತೆರಿಗೆಯೂ ಪೂರ್ತಿ ಖರ್ಚೇ ಆಗುತ್ತದೆ. ಬ್ರಷ್, ಸಾಬೂನು, ಅಳತೆಯ ಕೋಲು ಮತ್ತು ಥರ್ಮಾಮೀಟರ್‌ಗಳ ಬೆಲೆಯನ್ನು ಇದರೊಡನೆ ಹೋಲಿಸಿ ನೋಡಿದರೆ, ಯಾವ ಖರ್ಚನ್ನು ಮೊದಲು ಮಾಡಬೇಕೆಂಬುದು ಮಾಲೀಕರಿಗೆ ತಾನಾಗಿಯೇ ಸ್ಪಷ್ಟವಾಗುತ್ತದೆ.