ಹಾಜರಿ ಪುಸ್ತಕದಲ್ಲಿಲ್ಲದ ಹೆಸರು

ಜೂನ್ ತಿಂಗಳಲ್ಲಿ ಎಂಟನೇ ಕ್ಲಾಸಿಗೆ ಸೇರಿದ ಹುಡುಗನಿಗೆ ಪಠ್ಯಪುಸ್ತಕ ತಡವಾಗಿ ಸಿಗಬಹುದು, ಮೇಷ್ಟ್ರುಗಳ ಅಡ್ಡಹೆಸರು ಮಾತ್ರ ಮೊದಲ ವಾರದಲ್ಲೇ ಸಿಕ್ಕಿಬಿಡುತ್ತದೆ. ಬಿಸಿಯೂಟದ ಸಾಲಿನಲ್ಲೋ ಸೈಕಲ್ ನಿಲ್ಲಿಸುವ ಜಾಗದಲ್ಲೋ ಹತ್ತನೇ ಕ್ಲಾಸಿನ ಅಣ್ಣಂದಿರು ಒಬ್ಬೊಬ್ಬರನ್ನೇ ತೋರಿಸಿ ಒಪ್ಪಿಸುತ್ತಾರೆ. ಆ ಹೆಸರು ಯಾಕೆ ಬಂತು ಎಂದು ಕೇಳಿದರೆ ಹೇಳುವವನಿಗೂ ಗೊತ್ತಿರುವುದಿಲ್ಲ. ಅವನಿಗೂ ಹಿಂದಿನವರು ಕೊಟ್ಟು ಹೋದದ್ದು. ಲೂನಾ ಮಾರಿ ಎಷ್ಟೋ ವರ್ಷವಾಗಿ ಈಗ ಕಾರಿನಲ್ಲಿ ಬರುವವರೂ ಮಕ್ಕಳ ಬಾಯಲ್ಲಿ ಲೂನಾ ಮೇಷ್ಟ್ರಾಗಿಯೇ ಉಳಿದಿರುತ್ತಾರೆ. ಆ ಮಕ್ಕಳು ಲೂನಾವನ್ನು ಕಣ್ಣಲ್ಲಿ ಕಂಡಿರುವುದಿಲ್ಲ, ಅದು ಬೇರೆ ಮಾತು.

ಈ ಹೆಸರುಗಳು ಹುಟ್ಟುವ ಜಾಗಗಳು ಕೆಲವೇ. ಪೀಟಿ ಮೇಷ್ಟ್ರು ಸೀಟಿ ಮೇಷ್ಟ್ರಾಗುವುದಕ್ಕೆ ಪ್ರಾಸವೊಂದೇ ಸಾಕು. ಕಾಲೇಜಿಗೆ ಹೋದರೆ ಆ ಕೆಲಸವನ್ನು ವೇಳಾಪಟ್ಟಿಯೇ ಮಾಡಿಕೊಡುತ್ತದೆ. ನೋಟಿಸ್ ಬೋರ್ಡಿನ ಪುಟ್ಟ ಚೌಕದಲ್ಲಿ ಪೂರ್ತಿ ಹೆಸರು ಹಿಡಿಸುವುದಿಲ್ಲವೆಂದು ಇನಿಷಿಯಲ್ ಬರೆದಿರುತ್ತಾರೆ, ಹುಡುಗರು ಅದನ್ನೇ ಕರೆಯುತ್ತಾರೆ. ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ತಲೆಮಾರುಗಳ ವಿದ್ಯಾರ್ಥಿಗಳಿಗೆ ‘ಎಚ್ಚೆನ್’ ಆಗಿದ್ದರು. ವಿಶ್ವವಿದ್ಯಾಲಯದ ಕುಲಪತಿಗಳಾದ ಮೇಲೂ ಅದೇ ಹೆಸರು. ಅದರಲ್ಲಿ ಸಲಿಗೆ ಇತ್ತು, ಹಗುರ ಇರಲಿಲ್ಲ.

ಎಲ್ಲಕ್ಕಿಂತ ಫಲವತ್ತಾದ ನೆಲ ಮಾತಿನ ಚಾಳಿ. ಎರಡು ವಾಕ್ಯಕ್ಕೊಮ್ಮೆ ‘ತಿಳೀತಾ’ ಎನ್ನುವವರು, ಪ್ರತಿ ಮಾತನ್ನೂ ‘ವಿಷಯ ಏನಪ್ಪಾ ಅಂದ್ರೆ’ ಎಂದು ಶುರು ಮಾಡುವವರು ಯಾವ ಶಾಲೆಯಲ್ಲಿಲ್ಲ? ಕೊನೆಯ ಬೆಂಚಿನವರು ರಫ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಇದರ ಲೆಕ್ಕ ಇಡುತ್ತಾರೆ. ನಾಲ್ಕು ಗೀಟು ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆದು ಒಂದು ಕಟ್ಟು. ನಲವತ್ತು ನಿಮಿಷದ ಪೀರಿಯಡ್ ಮುಗಿಯುವ ಹೊತ್ತಿಗೆ ಎಷ್ಟು ಕಟ್ಟಾಯಿತು ಎಂಬುದರ ಮೇಲೆ ಕಡಲೆಮಿಠಾಯಿ ಪಣ. ಒಂದು ತಮಾಷೆ ಗಮನಿಸಿ: ಎಣಿಸುವವನು ಮೇಷ್ಟ್ರ ಒಂದು ಮಾತನ್ನೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಮುಂದಿನ ಬೆಂಚಿನಲ್ಲಿ ತಲೆಯಾಡಿಸುತ್ತ ಕೂತವರಿಗಿಂತ ಅವನೇ ಹೆಚ್ಚು ಕಿವಿಗೊಟ್ಟಿರುತ್ತಾನೆ.

ನಾನು ಓದಿದ ಹೈಸ್ಕೂಲಿನಲ್ಲಿ ಗಣಿತಕ್ಕೆ ಬರುತ್ತಿದ್ದವರು ದತ್ತ ಮೇಷ್ಟ್ರು. ಕನ್ನಡ ಮಾಧ್ಯಮದಲ್ಲಿ ರೇಖಾಗಣಿತ ಓದಿದವರಿಗೆ ಇಷ್ಟು ಹೇಳಿದರೇ ಅರ್ಥವಾಗಬೇಕು. ಪ್ರಮೇಯ ಬರೆಯುವಾಗ ಮೊದಲು ದತ್ತ, ಆಮೇಲೆ ಸಾಧನೀಯ, ಬಳಿಕ ರಚನೆ, ಕೊನೆಗೆ ಸಾಧನೆ. ಕೊಟ್ಟಿರುವುದೇನು ಎಂದು ಬರೆಯದೆ ನೇರ ಸಾಧನೆಗೆ ಕೈಹಾಕಿದವನ ಪುಸ್ತಕ ಕಿಟಕಿಯಿಂದ ಆಚೆ ಹೋಗುತ್ತಿತ್ತು. ಅಷ್ಟೇ ಆಗಿದ್ದರೆ ಹೆಸರು ಅಂಟುತ್ತಿತ್ತೋ ಇಲ್ಲವೋ. ಆದರೆ ಅವರು ಬೈಗುಳವನ್ನೂ ಅದೇ ಕ್ರಮದಲ್ಲಿ ಬೈಯುತ್ತಿದ್ದರು. ತಡವಾಗಿ ಬಂದವನನ್ನು ಬಾಗಿಲಲ್ಲೇ ನಿಲ್ಲಿಸಿ, “ದತ್ತ ಏನು? ಗಂಟೆ ಹತ್ತೂವರೆ. ಸಾಧನೀಯ ಏನು? ನೀನು ಒಳಗೆ ಬರಬೇಕು. ಎಲ್ಲಿ, ಸಾಧಿಸು ನೋಡೋಣ” ಎನ್ನುವರು. ಅವನು ಬಸ್ಸು, ಹಸು, ಅಜ್ಜಿಯ ಜ್ವರ ಎಂದು ಮೆಟ್ಟಿಲು ಮೆಟ್ಟಿಲಾಗಿ ಸಾಧಿಸಬೇಕು. ಎಲ್ಲಾದರೂ ಒಂದು ಹೆಜ್ಜೆ ಹಾರಿದರೆ, “ಕಾರಣ ಬರೀಲಿಲ್ಲವಲ್ಲಪ್ಪ” ಎಂದು ಅರ್ಧ ಅಂಕ ಕಳೆಯುವರು.

ಹೆಸರು ಎಷ್ಟು ಬಲಿತಿತ್ತೆಂದರೆ ಹೊಸ ಮಕ್ಕಳು ಅವರ ಹೆಸರೇ ದತ್ತಾತ್ರೇಯ ಎಂದುಕೊಂಡಿದ್ದರು. ಒಮ್ಮೆ ಹಳ್ಳಿಯಿಂದ ಬಂದ ತಂದೆಯೊಬ್ಬರು ಸ್ಟಾಫ್ ರೂಮಿನ ಬಾಗಿಲಲ್ಲಿ ಕೈಮುಗಿದು, “ದತ್ತಾತ್ರೇಯ ಮೇಷ್ಟ್ರು ಅವ್ರಾ ಸಾ?” ಎಂದರು. ಒಳಗೆ ಒಂದು ಕ್ಷಣ ಯಾರೂ ಮಾತಾಡಲಿಲ್ಲವಂತೆ. ಆಮೇಲೆ ನಮ್ಮ ಮೇಷ್ಟ್ರೇ ಎದ್ದು, “ನಾನೇ, ಬನ್ನಿ” ಎಂದರಂತೆ. ಮರುದಿನ ಕ್ಲಾಸಿಗೆ ಬಂದವರು ಮಾತಿಲ್ಲದೆ ಬೋರ್ಡಿನ ಮೇಲೆ ಬರೆದರು. ದತ್ತ: ಮೇಷ್ಟ್ರಿಗೆ ಒಂದು ಹೆಸರಿಟ್ಟಿದ್ದಾರೆ. ಸಾಧನೀಯ: ಇಟ್ಟವರು ಯಾರು? ಇಡೀ ಕ್ಲಾಸು ತಲೆ ತಗ್ಗಿಸಿತು. “ರಚನೆ ಚೆನ್ನಾಗಿದೆ, ಸಾಧನೆ ಬೇಡ” ಎಂದು ಅಳಿಸಿ ಪಾಠ ಶುರು ಮಾಡಿದರು.

ಈ ಹೆಸರು ಅವರಿಗೆ ಚುಚ್ಚಲಿಲ್ಲ ಏಕೆಂದರೆ ಅದು ಅಂಟಿದ್ದು ಅವರ ಕೆಲಸಕ್ಕೆ. ಅವರು ಮಕ್ಕಳ ತಲೆಗೆ ಹಾಕಬೇಕೆಂದು ವರ್ಷಗಟ್ಟಲೆ ಒದ್ದಾಡಿದ್ದನ್ನೇ ಮಕ್ಕಳು ಹಿಡಿದು ಅವರಿಗೇ ತಿರುಗಿ ತೊಡಿಸಿದ್ದರು. ಒಳ್ಳೆಯ ಅಡ್ಡಹೆಸರಿಗೆಲ್ಲ ಈ ಗುಣವಿದೆ: ಮೇಷ್ಟ್ರು ತಾವಾಗಿ ಮಾಡುವ, ಬೇಕೆಂದರೆ ನಾಳೆ ಬಿಡಬಹುದಾದ ಏನನ್ನೋ ಅದು ಹಿಡಿಯುತ್ತದೆ.

ಹೆಸರು ಹದ ತಪ್ಪಿದೆಯೇ ಎಂದು ಹೆಸರಿನಿಂದಲೇ ಹೇಳಲು ಬಾರದು, ಅದರ ಹಿಂದೆ ಬರುವ ಕ್ರಿಯಾಪದವನ್ನು ಕೇಳಬೇಕು. “ದತ್ತ ಬಂದ್ರು, ಪುಸ್ತಕ ತೆಗೀರೋ” ಎಂದು ಪಿಸುಗುಟ್ಟುವವನು ‘ಮೇಷ್ಟ್ರು’ ಎನ್ನುವುದನ್ನು ನುಂಗಿರಬಹುದು, ‘ಬಂದ್ರು’ ಎಂಬಲ್ಲಿ ಮರ್ಯಾದೆ ಹಾಗೇ ಇದೆ. ನಾಲ್ಕು ಗೋಡೆಯೊಳಗೆ, ಮೇಷ್ಟ್ರು ಕೇಳಿಸಿಕೊಳ್ಳದ ಕಡೆಯಲ್ಲೂ ನಮ್ಮ ಮಕ್ಕಳು ಈ ಬಹುವಚನವನ್ನು ಸುಲಭಕ್ಕೆ ಬಿಡುವುದಿಲ್ಲ. ‘ಬಂದ’, ‘ಹೋದ’, ‘ಬಂದ್ಲು’ ಶುರುವಾಯಿತೆಂದರೆ ಅಲ್ಲಿ ತಮಾಷೆಯಲ್ಲ, ಯಾವುದೋ ಸಿಟ್ಟು ಕೂತಿದೆ. ಅಂಥ ಕ್ಲಾಸಿನಲ್ಲಿ ಏನಾಯಿತೆಂದು ವಿಚಾರಿಸಿದರೆ ಎಲ್ಲರೆದುರು ಮಾಡಿದ ಅವಮಾನವೋ ಪಕ್ಷಪಾತದ ಅಂಕವೋ ಹೊರಬರುತ್ತದೆ.

ಹೆಸರಿಟ್ಟಿಲ್ಲ, ಇದ್ದ ಹೆಸರಿಗೇ ನಗುತ್ತಾರೆ ಎಂಬ ಸಂದರ್ಭವೂ ಇದೆ. ಉತ್ತರ ಕರ್ನಾಟಕದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಬೆಲ್ಲದ, ಅಕ್ಕಿ ಎಲ್ಲ ಮನೆತನದ ಹೆಸರುಗಳು. ಅಲ್ಲಿನ ಮೇಷ್ಟ್ರೊಬ್ಬರು ವರ್ಗವಾಗಿ ಹಳೇ ಮೈಸೂರಿನ ಕಡೆ ಬಂದರೆ ಮಕ್ಕಳು ಹಾಜರಿ ಪುಸ್ತಕ ನೋಡಿಯೇ ಬಿದ್ದು ಬಿದ್ದು ನಗುತ್ತಾರೆ. ಇದನ್ನು ಅಡ್ಡಹೆಸರಿನ ತುಂಟತನ ಎಂದು ತಳ್ಳಿಹಾಕುವ ಸಹೋದ್ಯೋಗಿಗಳನ್ನು ನೋಡಿದ್ದೇನೆ. ಆದರೆ ಆ ಮೇಷ್ಟ್ರು ಬಿಡಬಹುದಾದದ್ದು ಅಲ್ಲೇನೂ ಇಲ್ಲ. ಅವರಪ್ಪ, ಅಜ್ಜ, ಊರು ಎಲ್ಲ ಆ ನಗೆಯೊಳಗೆ ಬಂದುಬಿಡುತ್ತಾರೆ. ಮೊದಲ ದಿನವೇ ತಮ್ಮ ಕಡೆಯ ಹೆಸರುಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ನಗುವುದಿದ್ದರೆ ಒಟ್ಟಿಗೇ ನಕ್ಕು ಮುಗಿಸಿ ಎನ್ನುವ ಜಾಣರೂ ಇದ್ದಾರೆ. ಎರಡನೆಯ ದಿನಕ್ಕೆ ಆ ಹೆಸರು ಹಳತಾಗಿರುತ್ತದೆ.

ತಮಾಷೆ ತಿರುಗಿ ನಿಲ್ಲುವುದು ಹೇಗೆಂದು ನನಗೆ ಕಾಣಿಸಿದ್ದು ಪಕ್ಕದ ಸೆಕ್ಷನ್ನಿನಲ್ಲಿ. ಹೊಸದಾಗಿ ಕೆಲಸಕ್ಕೆ ಸೇರಿದ ವಿಜ್ಞಾನದ ಮೇಷ್ಟ್ರಿಗೆ ‘ಪ’ಕಾರ ಬಂದಾಗ ನಾಲಿಗೆ ತಡವರಿಸುತ್ತಿತ್ತು. ಮೊದಲು ಒಂದು ಹೆಸರು ಹುಟ್ಟಿತು. ಆಮೇಲೆ ಹುಡುಗರು ಪ್ರಶ್ನೆ ಕೇಳಲು ಶುರು ಮಾಡಿದರು. ಹೂವಿನಿಂದ ಹೂವಿಗೆ ಪರಾಗ ಹೋಗುವುದಕ್ಕೆ ಏನಂತಾರೆ ಸಾರ್? ಎಲೆ ಹಸಿರಾಗಿರುವುದು ಯಾವುದರಿಂದ ಸಾರ್? ಉತ್ತರ ಪರಾಗಸ್ಪರ್ಶ, ಉತ್ತರ ಪತ್ರಹರಿತ್ತು. ಕೇಳುವವರ ಮುಖದಲ್ಲಿ ಭಯಭಕ್ತಿ, ಹಿಂದಿನ ಬೆಂಚಿನಲ್ಲಿ ತಡೆಹಿಡಿದ ನಗು. ಮೇಲ್ನೋಟಕ್ಕೆ ಅಷ್ಟು ಕುತೂಹಲದ ಕ್ಲಾಸು ಬೇರೆ ಇರಲಿಲ್ಲ. ಕೆಲವು ವಾರಗಳಲ್ಲಿ ಅವರು ಆ ಪದಗಳನ್ನು ಬಾಯಲ್ಲಿ ಹೇಳುವುದು ಬಿಟ್ಟು ಬೋರ್ಡಿನ ಮೇಲೆ ಬರೆಯತೊಡಗಿದರು, ಕ್ರಮೇಣ ಮಕ್ಕಳ ಕಡೆ ತಿರುಗುವುದೇ ಕಡಿಮೆಯಾಯಿತು. ವರ್ಷ ಮುಗಿಯುವವರೆಗೂ ಹಾಗೇ ನಡೆಯಿತು. ಮೇಷ್ಟ್ರು ಸಿಟ್ಟಾದರೋ ಅತ್ತರೋ ಎಂದು ಕಾಯಬೇಕಿಲ್ಲ. ತಮಾಷೆಯಿಂದಾಗಿ ಅವರು ಪಾಠ ಮಾಡುವ ರೀತಿಯೇ ಬದಲಾಗಿದ್ದರೆ ಗೆರೆ ದಾಟಿ ಆಗಿದೆ.

ಮೈಬಣ್ಣ, ಬೊಕ್ಕತಲೆ, ಕುಂಟು, ಜಾತಿ, ಗಂಡ ತೀರಿಕೊಂಡ ಮೇಡಮ್ಮಿನ ಹಣೆ ಇವುಗಳ ಮೇಲೆ ಬರುವ ಹೆಸರುಗಳೂ ಈ ಬಗೆಯವೇ. ಶೌಚಾಲಯದ ಗೋಡೆಯ ಮೇಲೆ ಹೊಸ ಮಿಸ್ಸಿನ ಹೆಸರಿಗೆ ಇನ್ನೊಬ್ಬ ಮೇಷ್ಟ್ರ ಹೆಸರು ಜೋಡಿಸುವುದಂತೂ ಅಡ್ಡಹೆಸರಿನ ಲೆಕ್ಕಕ್ಕೇ ಬರುವುದಿಲ್ಲ, ಅದು ಶುದ್ಧ ಕಿರುಕುಳ. ಆದರೆ ಇಂಥ ಹೆಸರುಗಳನ್ನು ಮಕ್ಕಳು ಎಲ್ಲಿ ಕಲಿಯುತ್ತಾರೆ ಎಂದೂ ಕೇಳಬೇಕು. ಹಲವು ಸಲ ಕ್ಲಾಸಿನಲ್ಲೇ. ಹುಡುಗನನ್ನು ‘ಕರಿಯ’, ‘ಡುಮ್ಮ’, ‘ದಡ್ಡಶಿಖಾಮಣಿ’ ಎಂದು ಕರೆಯುವ ಮೇಷ್ಟ್ರಿಗೆ ಮೈಮೇಲಿನ ಹೆಸರೇ ತಿರುಗಿ ಸಿಗುತ್ತದೆ. ತೂಕ ಮಾತ್ರ ಬೇರೆ: ಮಕ್ಕಳಿಟ್ಟದ್ದು ಮೇಷ್ಟ್ರ ಬೆನ್ನ ಹಿಂದೆ ಓಡಾಡುತ್ತದೆ, ಮೇಷ್ಟ್ರಿಟ್ಟದ್ದು ಇಡೀ ಕ್ಲಾಸಿನೆದುರು ಮೊಹರಾಗುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಬೆತ್ತವನ್ನಷ್ಟೇ ನಿಷೇಧಿಸಿಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಮೂಲೆ ಸೇರಿದೆ, ನಾಲಿಗೆ ಇನ್ನೂ ಪೂರ್ತಿ ಸೇರಿಲ್ಲ.

ಮೊಬೈಲು ಬಂದ ಮೇಲೆ ಇನ್ನೊಂದು ತೊಡಕು. ಹಿಂದೆ ಹೆಸರು ಬಾಯಿಂದ ಬಾಯಿಗೆ ಹೋಗಿ ಶಾಲೆಯ ಗೇಟಿನ ಹತ್ತಿರ ನಿಲ್ಲುತ್ತಿತ್ತು. ಈಗ ಬೋರ್ಡಿನ ಕಡೆ ತಿರುಗಿದ ಮೇಷ್ಟ್ರ ಫೋಟೊ ಕದ್ದು ತೆಗೆದು ವಾಟ್ಸಾಪ್ ಸ್ಟಿಕರ್ ಮಾಡುತ್ತಾರೆ. ಹೆಸರಿಗೆ ಮುಖ ಬಂತು. ಅದು ಅವರ ಮಗಳ ಕ್ಲಾಸಿನ ಗುಂಪಿಗೂ ಹೋಗಬಹುದು, ಅಲ್ಲಿ ನಗುವವರಿಗೆ ಆ ಮೇಷ್ಟ್ರ ಪಾಠವೂ ಗೊತ್ತಿಲ್ಲ, ಪ್ರೀತಿಯೂ ಗೊತ್ತಿಲ್ಲ. ಕಾರಿಡಾರಿನಲ್ಲಿ ಹುಟ್ಟಿದ್ದು ಕಾರಿಡಾರಿನಲ್ಲೇ ಇರಲಿ ಎನ್ನುವುದು ನನ್ನ ಮತ.

ಎದುರಿಗೇ ಮಾಡಿ ತೋರಿಸಬಹುದಾದ ತಮಾಷೆಗೆ ನಮ್ಮ ಶಾಲೆಗಳಲ್ಲಿ ಒಂದು ದಿನ ಮೀಸಲಿದೆ, ಸೆಪ್ಟೆಂಬರ್ 5. ಅಂದು ಹತ್ತನೇ ಕ್ಲಾಸಿನವರು ಅಮ್ಮನ ಸೀರೆ, ಅಪ್ಪನ ಶರ್ಟು ತೊಟ್ಟು ಕಿರಿಯರಿಗೆ ಪಾಠ ಮಾಡುತ್ತಾರೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ‘ತಿಳೀತಾ’ ಎಂದ ಕೂಡಲೇ ಮೊದಲು ನಗುವವರು ಹಿಂದೆ ಕೂತ ಆ ಮೇಡಮ್ಮೇ. ಅಣಕಕ್ಕೆ ನಿಂತ ಹುಡುಗಿ ಮೊದಲು ಮನಸ್ಸಿನಲ್ಲೇ ಒಂದು ಆರಿಸುವಿಕೆ ಮಾಡಿಕೊಂಡಿರುತ್ತಾಳೆ. ಡಸ್ಟರ್ ಕುಟ್ಟುವುದು ಸರಿ, ಚಾಕ್ ಮುರಿಯುವುದು ಸರಿ, ಮೇಡಮ್ಮಿನ ಮಂಡಿನೋವಿನ ನಡಿಗೆ ಬೇಡ. ಯಾರೂ ಹೇಳಿಕೊಟ್ಟದ್ದಲ್ಲ.

ಇನ್ನು ಹೆಸರು ಗಟ್ಟಿಯಾದಷ್ಟೂ ಬರುವ ಫಜೀತಿ ಒಂದಿದೆ, ಅದು ತಿಳಿಯುವುದು ಹಳೆಯ ವಿದ್ಯಾರ್ಥಿಗಳು ಗುರುವಂದನೆ ಇಟ್ಟುಕೊಂಡಾಗ. ನಮ್ಮ ಬ್ಯಾಚಿನವರು ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸಲು ಹೊರಟಾಗ ಡ್ರಾಯಿಂಗ್ ಮೇಷ್ಟ್ರ ನಿಜವಾದ ಹೆಸರು ಗುಂಪಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಪ್ರತಿ ವರ್ಷ ಮೊದಲ ಕ್ಲಾಸಿನಲ್ಲಿ ಮಾವಿನಕಾಯಿ ಬರೆಸುತ್ತಿದ್ದರಿಂದ ಅವರು ಎಲ್ಲರಿಗೂ ಮಾವಿನಕಾಯಿ ಮೇಷ್ಟ್ರು. ಶಾಲೆಗೆ ಫೋನ್ ಮಾಡಿದರೆ ಈಗಿನ ಗುಮಾಸ್ತರಿಗೆ ಅವರು ಗೊತ್ತಿಲ್ಲ. ಕೊನೆಗೆ ಧೈರ್ಯ ಮಾಡಿ ಅವರ ಮನೆಗೇ ಫೋನ್ ಮಾಡಿದವಳು, “ಸಾರ್, ಪತ್ರಿಕೇಲಿ ನಿಮ್ಮ ಹೆಸರು ಹೇಗೆ ಹಾಕಿಸಬೇಕು?” ಎಂದು ಉಪಾಯವಾಗಿ ಕೇಳಿದಳು. “ನನ್ನ ಹೆಸರು ಹಾಕಿಸಿದ್ರೆ ಯಾರಮ್ಮಾ ಬರ್ತಾರೆ, ಮಾವಿನಕಾಯಿ ಅಂತಲೇ ಹಾಕ್ಸು” ಎಂದರಂತೆ. ಇನಿಷಿಯಲ್ ಕೇಳುವಷ್ಟರಲ್ಲಿ ಫೋನ್ ಇಟ್ಟಿದ್ದರು.