ಮಾರ್ಚ್ ಮುಗಿಯುವ ಮುನ್ನ ಷೇರು ನಷ್ಟದ ಲೆಕ್ಕ: ಹೊಂದಾಣಿಕೆ ಹೇಗೆ, ತಪ್ಪುವುದು ಎಲ್ಲಿ?

2026ರ ಮಾರ್ಚ್ 31, ಮಂಗಳವಾರ, ಮಹಾವೀರ ಜಯಂತಿ. ಅಂದು ಷೇರು ಪೇಟೆಗೂ ರಜೆ ಇತ್ತು. ಅದರ ಹಿಂದಿನ ಶನಿವಾರ, ಭಾನುವಾರ ಹೇಗೂ ವ್ಯವಹಾರವಿಲ್ಲ. ಹೀಗಾಗಿ 2025-26ರ ಆರ್ಥಿಕ ವರ್ಷದ ಕೊನೆಯ ವ್ಯವಹಾರದ ದಿನ ಮಾರ್ಚ್ 30 ಆಯಿತು. 2025ರಲ್ಲಿ ರಂಜಾನ್ ಹಬ್ಬ ಮಾರ್ಚ್ 31ಕ್ಕೆ ಬಂದು ಕೊನೆಯ ದಿನ ಮಾರ್ಚ್ 28 ಆಗಿತ್ತು. 2024ರಲ್ಲಿ ಗುಡ್ ಫ್ರೈಡೇ ಕಾರಣದಿಂದ ಆಗಲೂ ಮಾರ್ಚ್ 28ಕ್ಕೇ ಪೇಟೆ ಮುಗಿಯಿತು. ಅಂದರೆ ಸತತ ಮೂರು ವರ್ಷ 31ನೇ ತಾರೀಖು ವ್ಯಾಪಾರಕ್ಕೆ ಸಿಗಲೇ ಇಲ್ಲ. "31ಕ್ಕೆ ನೋಡಿದರಾಯಿತು" ಎಂದು ನಷ್ಟದ ಷೇರುಗಳನ್ನು ಹಾಗೇ ಇಟ್ಟುಕೊಂಡವರಿಗೆ ಆ ವರ್ಷದ ಹೊಂದಾಣಿಕೆ ಕೈ ತಪ್ಪಿತು.

ಈ ಹೊಂದಾಣಿಕೆಗೆ ಪೇಟೆಯಲ್ಲಿ ಟ್ಯಾಕ್ಸ್ ಲಾಸ್ ಹಾರ್ವೆಸ್ಟಿಂಗ್ ಎನ್ನುತ್ತಾರೆ. ವರ್ಷದೊಳಗೆ ಕೆಲವು ಷೇರು ಮಾರಿ ಲಾಭ ಬಂದಿದೆ, ಇನ್ನು ಕೆಲವು ಖಾತೆಯಲ್ಲೇ ಬೆಲೆ ಇಳಿದು ಕುಳಿತಿವೆ. ಇಳಿದವನ್ನು ಮಾರ್ಚ್ ಒಳಗೆ ಮಾರಿದರೆ ಆ ನಷ್ಟವನ್ನು ಲಾಭದಲ್ಲಿ ಕಳೆದು, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟಬಹುದು. ಮಾರದೆ ಬರೀ ಬೆಲೆ ಇಳಿದಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಮಾರಿದ ದಿನ ಎಂದರೆ ಬ್ರೋಕರ್ ಕೊಡುವ ಕಾಂಟ್ರಾಕ್ಟ್ ನೋಟ್‌ನಲ್ಲಿರುವ ದಿನ. ಮಾರ್ಚ್ 30ರಂದು ಮಾರಿದ ಹಣ ಏಪ್ರಿಲ್‌ನಲ್ಲಿ ಬ್ಯಾಂಕಿಗೆ ಬಂದರೂ ನಷ್ಟ ಮಾರ್ಚ್ ಲೆಕ್ಕಕ್ಕೇ ಸೇರುತ್ತದೆ.

ಪಟ್ಟಿಯಾದ ಕಂಪನಿಗಳ ಷೇರನ್ನು 12 ತಿಂಗಳೊಳಗೆ ಮಾರಿದರೆ ಅಲ್ಪಾವಧಿ ಲಾಭ, ತೆರಿಗೆ ಶೇ. 20. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ ದೀರ್ಘಾವಧಿ ಲಾಭ. ಅದರಲ್ಲಿ ವರ್ಷಕ್ಕೆ 1.25 ಲಕ್ಷ ರೂ.ವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ ಶೇ. 12.5. ಅಲ್ಪಾವಧಿ ನಷ್ಟವನ್ನು ಎರಡೂ ಬಗೆಯ ಲಾಭದಲ್ಲಿ ಕಳೆಯಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭದಲ್ಲಿ ಮಾತ್ರ ಕಳೆಯಬೇಕು. ಅಂಗಡಿಯ ಆದಾಯದಲ್ಲಿ ಷೇರಿನ ನಷ್ಟವನ್ನು ಕಳೆಯಲು ಬರುವುದಿಲ್ಲ. ವ್ಯಾಪಾರಸ್ಥ ಕುಟುಂಬಗಳು ಇದನ್ನು ಮೊದಲೇ ತಿಳಿದಿರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ರೋಣ ಭಾಗದ ಜಕ್ಕಲಿಯಲ್ಲಿ ಕಾಳುಕಡಿ ವ್ಯಾಪಾರ ಮಾಡುವ ಒಬ್ಬರು ಇದ್ದಾರೆ ಎಂದಿಟ್ಟುಕೊಳ್ಳಿ. 2025-26ರಲ್ಲಿ ಅವರಿಗೆ ಷೇರುಗಳಿಂದ 1,20,000 ರೂ. ಅಲ್ಪಾವಧಿ ಲಾಭ, 90,000 ರೂ. ದೀರ್ಘಾವಧಿ ಲಾಭ ಬಂದಿದೆ. ಎರಡನೆಯದು ಮಿತಿಯೊಳಗಿದೆ. ಮೊದಲನೆಯದಕ್ಕೆ ಸೆಸ್ ಬಿಟ್ಟು 24,000 ರೂ. ತೆರಿಗೆ. ಅವರ ಬಳಿ ಇನ್ನೊಂದು ಕಂಪನಿಯ 200 ಷೇರುಗಳಿವೆ. 2022ರಲ್ಲಿ 400 ರೂ.ನಂತೆ ಕೊಂಡವು 100, 2025ರ ಆಗಸ್ಟ್‌ನಲ್ಲಿ 1,500 ರೂ.ನಂತೆ ಕೊಂಡವು 100. ಈಗಿನ ಬೆಲೆ 900. ಆಗಸ್ಟ್‌ನಲ್ಲಿ ಕೊಂಡ 100 ಷೇರು ಮಾರಿದರೆ 60,000 ರೂ. ನಷ್ಟ ಸಿಗುತ್ತದೆ, 12,000 ರೂ. ತೆರಿಗೆ ಉಳಿಯುತ್ತದೆ ಎಂದು ಅವರ ಅಂದಾಜು.

ಆದರೆ 100 ಷೇರು ಮಾರಿದಾಗ ಹೋಗುವುದು 2022ರ ಷೇರು. ಡಿಮ್ಯಾಟ್ ಖಾತೆಯಲ್ಲಿ ಮೊದಲು ಬಂದದ್ದೇ ಮೊದಲು ಹೋಯಿತು ಎಂಬುದು ನಿಯಮ. ಗೋದಾಮಿನಲ್ಲಿ ಹಳೆ ಚೀಲವನ್ನು ಹಿಂದೆ ಬಿಟ್ಟು ಹೊಸ ಚೀಲ ಎತ್ತಿದಂತೆ ಇಲ್ಲಿ ಆರಿಸಲು ಬರುವುದಿಲ್ಲ. ಪರಿಣಾಮವಾಗಿ 60,000 ನಷ್ಟದ ಬದಲು 50,000 ರೂ. ದೀರ್ಘಾವಧಿ ಲಾಭ ಬಂತು. ದೀರ್ಘಾವಧಿ ಲಾಭದ ಒಟ್ಟು 1,40,000 ಆಗಿ, ಮಿತಿ ಮೀರಿದ 15,000ಕ್ಕೆ 1,875 ರೂ. ಹೊಸ ತೆರಿಗೆ ಬಿತ್ತು. ತೆರಿಗೆ ಇಳಿಸಲು ಹೋಗಿ ಏರಿಸಿಕೊಂಡಂತಾಯಿತು.

200 ಷೇರುಗಳನ್ನೂ ಮಾರಿದರೆ ಮಾತ್ರ ಆಗಸ್ಟ್‌ನ ನಷ್ಟ ಹೊರಗೆ ಬರುತ್ತದೆ. ಆಗ 12,000 ಉಳಿದು, 1,875 ಕಟ್ಟಬೇಕಾಗಿ, ನಿಕ್ಕಿ ಉಳಿತಾಯ 10,125 ರೂ. ಇನ್ನೊಂದು ದಾರಿಯೂ ಇದೆ. ನಿಯಮ ಪ್ರತಿ ಡಿಮ್ಯಾಟ್ ಖಾತೆಗೆ ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಆದ್ದರಿಂದ ತಮ್ಮದೇ ಹೆಸರಿನ ಎರಡನೇ ಖಾತೆಗೆ 100 ಷೇರು ವರ್ಗಾಯಿಸಿದರೆ ಹಳೆಯವು ಅಲ್ಲಿಗೆ ಹೋಗಿ, ಹೊಸವು ಇಲ್ಲಿ ಉಳಿಯುತ್ತವೆ. ಸ್ವಂತ ಖಾತೆಗಳ ನಡುವಿನ ವರ್ಗಾವಣೆ ಮಾರಾಟವಲ್ಲ. ಆದರೆ ಇದನ್ನು ಕಡಲೆ ಸುಗ್ಗಿಯ ಗಡಿಬಿಡಿಯಲ್ಲಿ, ಮಾರ್ಚ್ ಕೊನೆಯ ವಾರದಲ್ಲಿ ಮಾಡಲು ಹೋಗಬಾರದು. ಫೆಬ್ರವರಿಯಲ್ಲೇ ಮುಗಿಸುವುದು ಒಳ್ಳೆಯದು.

ಮಾರಿದ ಷೇರು ಒಳ್ಳೆಯ ಕಂಪನಿಯದ್ದಾದರೆ ಮರಳಿ ಕೊಳ್ಳುವ ಆಸೆ ಸಹಜ. ನಮ್ಮ ದೇಶದ ಕಾನೂನಿನಲ್ಲಿ ಅದಕ್ಕೆ ಇಂತಿಷ್ಟು ದಿನ ಕಾಯಬೇಕೆಂಬ ನಿಯಮವಿಲ್ಲ. ಅಮೆರಿಕದಲ್ಲಿ 30 ದಿನದ ನಿರ್ಬಂಧವಿದೆ, ಅಲ್ಲಿರುವ ಮಕ್ಕಳು ಹೇಳಿದ್ದನ್ನು ಕೇಳಿ ಗೊಂದಲ ಬೇಡ. ಆದರೆ ಬೆಳಿಗ್ಗೆ ಮಾರಿ ಅದೇ ದಿನ ಮಧ್ಯಾಹ್ನ ಅದೇ ಷೇರು ಕೊಂಡರೆ ಎರಡೂ ಒಂದಕ್ಕೊಂದು ವಜಾ ಆಗುತ್ತವೆ, ಷೇರು ಡಿಮ್ಯಾಟ್ ಖಾತೆಯಿಂದ ಕದಲುವುದೇ ಇಲ್ಲ. ಅದು ಇಂಟ್ರಾಡೇ ವ್ಯವಹಾರವಾಗಿ, ಹಳೆ ನಷ್ಟ ಹಳೆಯ ಜಾಗದಲ್ಲೇ ಉಳಿಯುತ್ತದೆ. ಮಾರಿದ್ದರ ಎದುರು ಡಿಮ್ಯಾಟ್ ಖಾತೆಯಿಂದ ಷೇರು ಹೊರಗೆ ಹೋಗಿದೆಯೇ ಎಂದು ಸ್ಟೇಟ್‌ಮೆಂಟ್ ನೋಡಿದರೆ ತಿಳಿಯುತ್ತದೆ. ಮುಂದಿನ ವ್ಯವಹಾರದ ದಿನ ಕೊಳ್ಳುವುದು ಸರಿ. ಮಾರ್ಚ್ 30ಕ್ಕೆ ಮಾರಿದವರಿಗೆ ಆ ದಿನ ಏಪ್ರಿಲ್ 1. ನಡುವೆ ಬೆಲೆ ಏರಿದರೆ ಉಳಿಸಿದ ತೆರಿಗೆ ಅಲ್ಲೇ ಕರಗಬಹುದು. ಮರಳಿ ಕೊಂಡ ಷೇರಿಗೆ 12 ತಿಂಗಳ ಎಣಿಕೆಯೂ ಹೊಸದಾಗಿ ಶುರು. ಕೊಂಡ ಬೆಲೆ ತಗ್ಗಿರುವುದರಿಂದ ಮುಂದೆ ಲಾಭ ಹೆಚ್ಚು ಕಾಣುತ್ತದೆ. ಆದ್ದರಿಂದ ಉಳಿತಾಯದ ಒಂದು ಪಾಲು ನಿಜವಾಗಿ ಮುಂದೂಡಿಕೆಯಷ್ಟೇ.

ನಷ್ಟ ಮಾಡಿಕೊಳ್ಳಲೇಬಾರದ ಸಂದರ್ಭವೂ ಇದೆ. ಅದೇ ವ್ಯಾಪಾರಿಯ ಶ್ರೀಮತಿಯವರಿಗೆ 1,10,000 ರೂ. ದೀರ್ಘಾವಧಿ ಲಾಭ ಮಾತ್ರ ಇದೆ ಎನ್ನಿ. ಅದು 1.25 ಲಕ್ಷದೊಳಗೇ ಇರುವುದರಿಂದ ತೆರಿಗೆ ಇಲ್ಲ. ಅವರು 40,000 ರೂ. ದೀರ್ಘಾವಧಿ ನಷ್ಟ ಮಾಡಿಕೊಂಡರೆ, ವಿನಾಯಿತಿಗೆ ಮುಂಚೆಯೇ ನಷ್ಟವನ್ನು ಕಳೆಯಲಾಗುತ್ತದೆ. ಲಾಭ 70,000ಕ್ಕೆ ಇಳಿಯಿತು. ಮೊದಲೂ ತೆರಿಗೆ ಇರಲಿಲ್ಲ, ಈಗಲೂ ಇಲ್ಲ. ಮುಂದಿನ ವರ್ಷಗಳಿಗೆ ಆಗಿಬರಬಹುದಾಗಿದ್ದ ನಷ್ಟ ಸುಮ್ಮನೆ ಮುಗಿಯಿತು. ಶ್ರೀಮತಿಯವರ ನಷ್ಟವನ್ನು ಯಜಮಾನರ ಲಾಭದಲ್ಲಿ ಕಳೆಯಲೂ ಬರುವುದಿಲ್ಲ. ಪ್ರತಿ ಪ್ಯಾನ್‌ಗೆ ಲೆಕ್ಕ ಬೇರೆ, ಅವಿಭಕ್ತ ಕುಟುಂಬದ ಪ್ಯಾನ್‌ಗೂ ಬೇರೆ. ಇತ್ತ, 12 ಲಕ್ಷದವರೆಗೆ ತೆರಿಗೆ ಇಲ್ಲವೆಂದು ಷೇರಿನ ಲಾಭವನ್ನು ಲೆಕ್ಕಿಸದೆ ಬಿಡುವವರೂ ಇದ್ದಾರೆ. ಶೇ. 20 ಮತ್ತು 12.5ರ ಈ ವಿಶೇಷ ದರದ ಲಾಭಕ್ಕೆ ಆ ರಿಯಾಯಿತಿ ಸಿಗುವುದಿಲ್ಲ.

ವರ್ಷದ ಲಾಭಕ್ಕಿಂತ ನಷ್ಟವೇ ಹೆಚ್ಚಾದರೆ ಉಳಿದ ನಷ್ಟವನ್ನು 8 ವರ್ಷ ಮುಂದಕ್ಕೆ ಒಯ್ಯಬಹುದು. ಅದಕ್ಕೆ ರಿಟರ್ನ್ ಗಡುವಿನೊಳಗೇ ಸಲ್ಲಿಕೆಯಾಗಿರಬೇಕು. ತಡವಾದ ರಿಟರ್ನ್‌ನಲ್ಲಿ ಆ ವರ್ಷದ ಹೊಂದಾಣಿಕೆ ಆಗುತ್ತದೆ, ಬಂಡವಾಳ ನಷ್ಟ ಮುಂದಕ್ಕೆ ಹೋಗುವುದಿಲ್ಲ. ವಹಿವಾಟಿನ ಮೇಲೆ ಅಂದಾಜು ಲಾಭ ತೋರಿಸಿ ಐಟಿಆರ್-4 ತುಂಬುವ ಸಣ್ಣ ವ್ಯಾಪಾರಿಗಳು ಇನ್ನೂ ಒಂದು ಗಮನಿಸಬೇಕು. ಆ ನಮೂನೆಯಲ್ಲಿ ಇಂಥ ನಷ್ಟಕ್ಕೆ ಜಾಗವೇ ಇಲ್ಲ. 2025-26ರಲ್ಲಿ ಷೇರು ನಷ್ಟ ಮಾಡಿಕೊಂಡಿದ್ದರೆ ಐಟಿಆರ್-3 ತುಂಬಬೇಕು. ಅಂಗಡಿಯ ಅಂದಾಜು ಲಾಭವನ್ನು ಅದರಲ್ಲೂ ಹಾಗೆಯೇ ತೋರಿಸಬಹುದು. ಲೆಕ್ಕ ಬರೆಯುವವರಿಗೆ ಬ್ರೋಕರ್ ಕೊಡುವ ಬಂಡವಾಳ ಲಾಭದ ವರದಿಯನ್ನು ಅಂಗಡಿ ಕಾಗದಪತ್ರಗಳ ಜೊತೆಗೇ ಕೊಡಿ. ಅವರು ಕೇಳುವವರೆಗೆ ಕಾಯಬೇಡಿ.